ಆಲೆ ಆಡುವ ತವರು: ‘ಭಾಗ್ಯದ ಬಳೆಗಾರ’ ಹಾಡಿನ ಒಳಗಿನ ಸುಗ್ಗಿ

(ದೃಶ್ಯ: ಬಳೆಪೇಟೆಯ ಇಕ್ಕಟ್ಟಾದ ಬೀದಿ. ಸಂಕ್ರಾಂತಿಗೆ ಎರಡು ದಿನ ಇದೆ. ಅಂಗಡಿ ಮುಂದೆ ಗಾಜಿನ ಬಳೆಗಳ ಸಾಲು. ಪಕ್ಕದಲ್ಲೇ ಕಬ್ಬಿನ ಜಲ್ಲೆ ತುಂಬಿಕೊಂಡು ಹೋಗುವ ಗಾಡಿ.)

ನಮಸ್ಕಾರ. ಬೆಂಗಳೂರಿನ ಬಳೆಪೇಟೆಯಲ್ಲಿ ನಿಂತಿದ್ದೀನಿ. ಹೀಗೇ ನಡೆದುಕೊಂಡು ಹೋದರೆ ಕೆ.ಆರ್. ಮಾರ್ಕೆಟ್ಟು, ಅಲ್ಲಿ ಈ ವಾರ ಎಲ್ಲಿ ನೋಡಿದರೂ ಕಬ್ಬು. ಇಲ್ಲಿ ಬಳೆ, ಅಲ್ಲಿ ಕಬ್ಬು. ಇವೆರಡೂ ಕೂಡಿ ಬರೋ ಒಂದು ಜನಪದ ಹಾಡು ನಿಮಗೆಲ್ಲ ಬಾಯಿಗೆ ಬರುತ್ತೆ. ‘ಭಾಗ್ಯದ ಬಳೆಗಾರ ಹೋಗಿ ಬಾ ನನ್ ತವರಿಗೆ’. ಮದುವೆಮನೇಲಿ ಹಾಡ್ತೀವಿ, ಸ್ಕೂಲ್ ಡೇಲಿ ಕುಣಿಸ್ತೀವಿ. ಇವತ್ತು ಅದರ ಒಂದೇ ಒಂದು ಸಾಲಿನ ಮುಂದೆ ಸ್ವಲ್ಪ ಹೊತ್ತು ಕೂತ್ಕೊಳ್ಳೋಣ.

ಮೊದಲು ಸಂದರ್ಭ. ಗಂಡನ ಊರಲ್ಲಿರೋ ಹೆಣ್ಣುಮಗಳು ಬಳೆಗಾರನಿಗೆ ‘ನನ್ನ ತವರಿಗೆ ಹೋಗಿ ಬಾ’ ಅಂತಾಳೆ. ಅವನು ‘ನಿನ್ನ ತವರೂರ ನಾನೇನು ಬಲ್ಲೆನು’, ನೀನೇ ತೋರಿಸು ಬಾ ಎಲೆ ಬಾಲೆ, ಅಂತಾನೆ. ಅವಳು ಬರೋ ಹಾಗಿಲ್ಲ. ಅದಕ್ಕೇ ಗುರುತು ಹೇಳೋಕೆ ಶುರು ಮಾಡ್ತಾಳೆ. ಅವನು ‘ಬಾಲೆ’ ಅಂದ ತಕ್ಷಣ ಅವಳ ಉತ್ತರ ‘ಬಾಳೆ’ ಇಂದ ಶುರುವಾಗುತ್ತೆ: ಬಾಳೆ ಬಲಕ್ಕೆ ಬೀಡು, ಸೀಬೆ ಎಡಕ್ಕೆ ಬೀಡು. ಕಿವಿಗೆ ಎಷ್ಟು ಚೆನ್ನಾಗಿದೆ ನೋಡಿ. ಅಂದಹಾಗೆ ಸೀಬೆ ಅಮೆರಿಕ ಖಂಡದ ಹಣ್ಣು, ನಮ್ಮ ಕಡೆಗೆ ಬಂದದ್ದು ಪೋರ್ಚುಗೀಸರು ಬಂದಮೇಲೆ. ಹಾಗಾಗಿ ಈ ನುಡಿಯನ್ನ ‘ಸಾವಿರಾರು ವರ್ಷದ್ದು’ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಈಗ ನಮಗೆ ಬೇಕಾದ ನುಡಿ.

(ಪರದೆ ಮೇಲೆ ಅಕ್ಷರ, ಹಿಂದೆ ಗಾಣದ ಕಿರಗುಟ್ಟುವ ಸದ್ದು)

ಆಲೆ ಆಡುತ್ತಾವೆ ಗಾಣ ತಿರುಗುತ್ತಾವೆ
ನವಿಲು ಸಾರಂಗ ನಲಿದಾವೆ ಬಳೆಗಾರ
ಅಲ್ಲಿಹುದೆನ್ನ ತವರೂರು

ಆಲೆ ಅಂದರೆ ಕಬ್ಬು ಅರೆಯೋ ಯಂತ್ರ. ಹಿಂದೆ ಮರದ ಉರುಳೆಗಳು, ಎತ್ತು ಕಟ್ಟಿ ತಿರುಗಿಸೋರು. ಗಾಣ ಅಂದರೆ ಎಣ್ಣೆ ಗಾಣ, ಹುಚ್ಚೆಳ್ಳು, ಎಳ್ಳು ಅರೆಯೋದು. ಮಂಡ್ಯದ ಕಡೆ ಕಬ್ಬಿನದ್ದಕ್ಕೂ ಗಾಣ ಅಂತಲೇ ಅಂತಾರೆ, ಅದಕ್ಕೇ ಎರಡೂ ಒಂದೇ ಇರಲೂಬಹುದು. ಹೇಗೇ ಇರಲಿ, ಇದು ಕೊಯ್ಲಾದ ಮೇಲಿನ ಚಿತ್ರ. ಬೆಳೆ ಹೊಲ ಬಿಟ್ಟು ಬಂದಾಗಿದೆ.

ಇಲ್ಲಿ ಆಲೆಮನೆ ಕೆಲಸ ಹೇಗೆ ನಡೆಯುತ್ತೆ ಅನ್ನೋದು ಗೊತ್ತಿರಬೇಕು. ಕಡಿದ ಕಬ್ಬನ್ನ ಇಟ್ಟುಕೊಳ್ಳೋಕಾಗಲ್ಲ. ಅವತ್ತೋ ಮಾರನೇ ದಿನವೋ ಅರೆದುಬಿಡಬೇಕು. ತಡ ಮಾಡಿದರೆ ಕಬ್ಬಿನ ಹಾಲು ಹುಳಿಯಾಗುತ್ತೆ, ಸಕ್ಕರೆ ಅಂಶ ಒಡೆಯುತ್ತೆ, ಬೆಲ್ಲ ಗಟ್ಟಿ ಕೂರಲ್ಲ, ಅಂಟಂಟಾಗಿ ಉಳಿಯುತ್ತೆ. ಅರೆದ ಹಾಲು ಕೊಪ್ಪರಿಗೆಗೆ ಬೀಳುತ್ತೆ. ಸ್ವಲ್ಪ ಸುಣ್ಣ, ಬೆಂಡೆ ಗಿಡದ ಲೋಳೆ ಹಾಕಿ ಮೇಲೆ ಬಂದ ಕೊಳೆ ತೆಗೀತಾರೆ. ಪಾಕ ಹದಕ್ಕೆ ಬಂತಾ ಅಂತ ನೋಡೋಕೆ ಒಂದು ಹನಿ ನೀರಿಗೆ ಬಿಡ್ತಾರೆ, ಉಂಡೆ ಕಟ್ಟಿದರೆ ಸರಿ. ಒಂದು ನಿಮಿಷ ಆ ಕಡೆ ಈ ಕಡೆ ಆದರೂ ಕೆಟ್ಟಿತು. ಅಂದರೆ ಆಲೆ ಆಡ್ತಾ ಇರೋ ದಿನಗಳಲ್ಲಿ ಕಡಿಯೋರು, ಹೊರೋರು, ಒಲೆಗೆ ಹಾಕೋರು ಯಾರೂ ಬಿಟ್ಟು ಹೋಗೋ ಹಾಗಿಲ್ಲ. ಮನೆಯ ಒಂದೊಂದು ಕೈಯೂ ಬೇಕು.

ಹಾಡಿನ ಗಂಟು ಇಲ್ಲೇ ಇದೆ. ಸುಗ್ಗಿಯಲ್ಲಿ ಸೊಸೆಯ ಕೈ ಗಂಡನ ಮನೆಗೆ ಸೇರಿದ್ದು. ಹಾಗಾದರೆ ಮಗಳು ತವರಿಗೆ ಹೋಗೋದು ಯಾವಾಗ? ನಮ್ಮ ಹಳೇ ಮೈಸೂರು ಕಡೆ ಹೊಸದರಲ್ಲಿ ಆಷಾಢಕ್ಕೆ, ಆಮೇಲೆ ಗೌರಿ ಹಬ್ಬಕ್ಕೆ. ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿಗೆ. ಎಲ್ಲವೂ ಮಳೆಗಾಲದ ಲೆಕ್ಕ. ಆಗ ಕಬ್ಬು ಹೊಲದಲ್ಲೇ ನಿಂತಿರುತ್ತೆ, ಆಲೆ ಸುಮ್ಮನಿರುತ್ತೆ. ಮದುವೆಯಾಗಿ ಹೋದ ಮಗಳು ತವರಿನ ಆಲೆ ಆಡೋದನ್ನ ಮತ್ತೆ ನೋಡೋದೇ ಅಪರೂಪ. ಬಳೆಗಾರನಿಗೆ ಅವಳು ಗುರುತು ಅಂತ ಕೊಡ್ತಿರೋದು ತನಗೇ ಕೈತಪ್ಪಿದ ಆ ಕಾಲವನ್ನ.

(ಸ್ವಲ್ಪ ಮೌನ. ಗಾಣದ ಸದ್ದು ನಿಲ್ಲುತ್ತೆ, ಮಳೆ ಸದ್ದು ಬರುತ್ತೆ.)

ಈಗ ಎರಡನೇ ಸಾಲಿಗೆ ಬನ್ನಿ. ನವಿಲು ನಲಿದಾವೆ. ನವಿಲು ಗರಿಗೆದರಿ ಕುಣಿಯೋದು ಯಾವಾಗ? ಮೋಡ ಕಟ್ಟಿದಾಗ, ಮಳೆಗಾಲದಲ್ಲಿ. ಆಲೆ ಆಡೋದು ಚಳಿಗಾಲದಲ್ಲಿ, ಸಂಕ್ರಾಂತಿ ಆಸುಪಾಸಲ್ಲಿ. ಒಂದೇ ಊರಲ್ಲಿ ಒಂದೇ ದಿನ ಇವೆರಡನ್ನೂ ನೋಡೋಕೆ ಹೇಗೆ ಸಾಧ್ಯ? ಮೊದಲ ಸಲ ಇದು ಹೊಳೆದಾಗ ನಾನು ಹಾಡು ನಿಲ್ಲಿಸಿ ಕೂತುಬಿಟ್ಟಿದ್ದೆ. ಮೂರು ಸಾಲಿನ ತ್ರಿಪದಿಯಲ್ಲಿ ಎರಡು ಕಾಲ ಬೆರೆತಿದೆ. ಮೊದಲ ಸಾಲಿನಲ್ಲಿ ಅವಳು ಹೋಗಲಾಗದ ಸುಗ್ಗಿ, ಎರಡನೆಯದರಲ್ಲಿ ಅವಳಿಗೆ ಹೋಗೋಕೆ ಸಿಗೋ ಮಳೆಗಾಲ. ಬಳೆಗಾರ ಯಾವ ತಿಂಗಳಲ್ಲಿ ಹೋದರೂ ಹೇಳಿದ ಗುರುತಲ್ಲಿ ಅರ್ಧವೇ ಸಿಗೋದು. ಪೂರ್ತಿ ಊರು ಇರೋದು ಅವಳ ನೆನಪಲ್ಲಿ ಮಾತ್ರ.

ಇಂದಿನ ಮಂಡ್ಯ ನೋಡಿದವರು ‘ಆಲೆಮನೆ ವರ್ಷವಿಡೀ ಹೊಗೆಯಾಡುತ್ತಲ್ಲ’ ಅನ್ನಬಹುದು. ನಿಜ, ಅದು ನಾಲೆ ನೀರು ಬಂದಮೇಲಿನ ಮಾತು. ಕೆರೆ ನೀರು ನಂಬಿದ ಊರಲ್ಲಿ ಆಲೆಗೆ ಒಂದು ಕಾಲ ಇತ್ತು.

ಇನ್ನೊಂದು ಪದ ಗಮನಿಸಿ: ಆಡು. ಆಲೆ ‘ಆಡುತ್ತಾವೆ’. ಮನೆ ಬಾಗಿಲಲ್ಲಿ ‘ಇಂಚಾಡೋವೆರಡು ಗಿಳಿ’. ಮುಂದೆ ಹಡೆದವ್ವ ಮುತ್ತಿನ ಚಪ್ಪರದಲ್ಲಿ ಪಗಡೆ ‘ಆಡುತ್ತಾಳೆ’. ಆಲೆಮನೆ ಕೆಲಸ ಎಂಥ ಬೆವರಿನ ಕೆಲಸ ಅಂತ ಈಗ ತಾನೇ ನೋಡಿದೆವು. ಅದೂ ಅವಳ ಬಾಯಲ್ಲಿ ಆಟವೇ. ತವರಲ್ಲಿ ಯಾರೂ ದುಡಿಯೋದೇ ಇಲ್ಲ! ಅತ್ತೆಮನೆ ಬಗ್ಗೆ ಹಾಡಿನಲ್ಲಿ ಒಂದು ದೂರೂ ಇಲ್ಲ, ಆದರೆ ತವರನ್ನ ಹೀಗೆ ಬಣ್ಣಿಸಿದಾಗ ಇಲ್ಲಿ ಅವಳ ದಿನ ಹೇಗಿದೆ ಅಂತ ಗೊತ್ತಾಗಿಬಿಡುತ್ತೆ.

ಒಂದು ಎಚ್ಚರ. ಕಬ್ಬನ್ನ ಹಿಂಡಿ ಸಿಪ್ಪೆ ಎಸೀತಾರೆ, ಹೆಣ್ಣಿನ ಬದುಕೂ ಹಾಗೇ, ಅಂತ ಅರ್ಥ ಹೇಳೋರಿದ್ದಾರೆ. ಕೇಳೋಕೆ ಚೆನ್ನಾಗಿದೆ, ಆದರೆ ಹಾಡಿನಲ್ಲಿ ಸಿಪ್ಪೆ ಇಲ್ಲ, ಹಿಂಡೋ ಮಾತೂ ಇಲ್ಲ. ಹಾಡುವವಳಿಗೆ ಆಲೆ ಸಂಭ್ರಮ. ಅದರ ಮೇಲೆ ನಮ್ಮ ದುಃಖ ಹೇರೋದು ಬೇಡ. ಅಗಲಿಕೆ ಆಲೆಯ ಒಳಗಿಲ್ಲ, ಆಲೆಗೂ ಅವಳಿಗೂ ನಡುವಿನ ದಾರಿಯಲ್ಲಿದೆ.

(ದೃಶ್ಯ: ಬಳೆಗಾರನ ಅಂಗಡಿ. ಕೈ ಹಿಡಿದು ಬಳೆ ತೊಡಿಸುವುದು ಹತ್ತಿರದಿಂದ.)

ಕೊನೆಗೆ ಅವಳು ಬಳೆ ಕಳಿಸ್ತಾಳೆ. ‘ಅಚ್ಚ ಕೆಂಪಿನ ಬಳೆ, ಹಸಿರು ಗೀರಿನ ಬಳೆ, ನನ್ನ ಹಡೆದವ್ವಗೆ ಬಲು ಆಸೆ’. ತವರಿನಿಂದ ಮಗಳಿಗೆ ಬಳೆ ಬರೋದು ವಾಡಿಕೆ, ಇಲ್ಲಿ ಮಗಳಿಂದ ತಾಯಿಗೆ ಹೋಗ್ತಿದೆ. ಬಣ್ಣ ಹೇಳಿದಳು, ಗೀರು ಹೇಳಿದಳು. ಅಳತೆ?

ಈ ಬೀದಿಯಲ್ಲಿ ನೀವು ಬಳೆ ಕೇಳಿದರೆ ಅವರು ಮೊದಲು ಕೇಳೋದೇ ಅದು: ಟೂ ಫೋರಾ, ಟೂ ಸಿಕ್ಸಾ? ಹಾಡಿನಲ್ಲಿ ಅಳತೆ ಇಲ್ಲ, ಇರಬೇಕಾಗೂ ಇಲ್ಲ. ಬಳೆಗಾರ ಕೈ ಅದುಮಿ ನೋಡಿಯೇ ತೊಡಿಸೋನು. ಹಾಗಾಗಿ ಬಳೆ ಕೊಟ್ಟು ಬಂದರೆ ಸಾಲದು, ಅವನು ಹಟ್ಟಿ ನಡುವೆ ಕೂತು ಆ ತಾಯಿಯ ಕೈ ಹಿಡೀಲೇಬೇಕು. ಇಲ್ಲಿ ಮಗಳಿಗೆ ಬಳೆ ತೊಡಿಸಿ ಹೊರಟ ಕೈಯಲ್ಲೇ.