‘ನೋಡಿಕೊಳ್ಳಬೇಕು’ ಅಂದರೆ ಇಂಗ್ಲಿಷಿನಲ್ಲಿ ಯಾವ ಕೆಲಸ?

ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಅನುವಾದದ ಕೆಲಸ ಮಾಡುತ್ತೇನೆ. ಇವತ್ತು ಒಂದೇ ಒಂದು ಜಾಹೀರಾತಿನ ಬಗ್ಗೆ ಮಾತಾಡುತ್ತೇನೆ. ಬ್ಯಾಡಗಿ ಕಡೆಯ ಒಂದು ಕೋಲ್ಡ್ ಸ್ಟೋರೇಜಿನದು. ಮೆಣಸಿನಕಾಯಿ ಬಣ್ಣ ಕೆಡಬಾರದು ಅಂತ ಇಡುತ್ತಾರಲ್ಲ, ಅಂಥದ್ದು. ಕನ್ನಡದಲ್ಲಿ ಹೀಗಿತ್ತು:

“ಹಿರಿಯ ಮೇಲ್ವಿಚಾರಕರು ಬೇಕಾಗಿದ್ದಾರೆ. ಯಾವುದೇ ಪದವಿ. 5 ವರ್ಷ ಅನುಭವ ಇದ್ದವರಿಗೆ ಆದ್ಯತೆ. ಮಾಲಿನ ಆವಕ-ಜಾವಕ, ಹಮಾಲರು, ಲೆಕ್ಕಪತ್ರ ಎಲ್ಲವನ್ನೂ ನೋಡಿಕೊಳ್ಳಬೇಕು.”

ಓದಿದರೆ ಏನೂ ತೊಡಕಿಲ್ಲ, ಅಲ್ವಾ? ನನಗೂ ಹಾಗೇ ಅನ್ನಿಸಿತು. ಅರ್ಧ ಗಂಟೆಯಲ್ಲಿ ಇಂಗ್ಲಿಷ್ ಮಾಡಿ ಕಳಿಸಿದೆ. ಸೀನಿಯರ್ ಮ್ಯಾನೇಜರ್ಸ್ ಬೇಕು, ಐದು ವರ್ಷ ಅನುಭವ ಇರಲೇಬೇಕು, ಸ್ಟಾಕ್, ಲೇಬರ್ ಮತ್ತು ಅಕೌಂಟ್ಸ್ ಮ್ಯಾನೇಜ್ ಮಾಡಬೇಕು ಅಂತ. ಒಂದು ವಾರದ ಮೇಲೆ ಪುಣೆಯಿಂದ ಒಬ್ಬರು ಸಂದರ್ಶನಕ್ಕೆ ಬಂದರು. ದೊಡ್ಡ ಗೋದಾಮಿನಲ್ಲಿ ಹನ್ನೆರಡು ವರ್ಷ ದುಡಿದವರು. ಕೆಲಸ ಏನು ಅಂತ ಗೇಟಿನ ಹತ್ತಿರ ನಿಂತು ನೋಡಿದರು. ಒಂದು ಮಾತೂ ಆಡದೆ ಮಧ್ಯಾಹ್ನದ ಬಸ್ಸಿಗೆ ವಾಪಸ್ ಹೋದರು. ಅವರ ಎರಡು ದಿನ ಹಾಳಾಗಿದ್ದು ನನ್ನಿಂದ. ಅದು ಇವತ್ತಿಗೂ ನನಗೆ ಬೇಜಾರಿನ ಸಂಗತಿ.

ಎಲ್ಲಿ ತಪ್ಪಿದೆ ಅಂತ ಒಂದೊಂದಾಗಿ ಬಿಡಿಸುತ್ತೇನೆ.

ಮೊದಲು ‘ಮೇಲ್ವಿಚಾರಕರು’. ಕನ್ನಡದಲ್ಲಿ ಒಬ್ಬರಿಗೂ ಮರ್ಯಾದೆಗೆ ‘ರು’ ಹಚ್ಚುತ್ತೇವೆ. ‘ಬೇಕಾಗಿದ್ದಾರೆ’ ಅಂದರೆ ಒಬ್ಬರೋ ನಾಲ್ವರೋ ಆ ಮಾತಿನಿಂದ ತಿಳಿಯುವುದಿಲ್ಲ. ಇಂಗ್ಲಿಷಿನಲ್ಲಿ ತಿಳಿಯಲೇಬೇಕು. ನಾನು ಬಹುವಚನ ಹಾಕಿದ್ದೆ. ಇದ್ದದ್ದು ಒಂದೇ ಹುದ್ದೆ. ಈಗ ನಾನು ಮೊದಲು ಕೇಳುವುದೇ ಅದನ್ನ: ಎಷ್ಟು ಮಂದಿ ಬೇಕು?

ಎರಡನೆಯದು ‘ಹಿರಿಯ’. ಇಂಗ್ಲಿಷಿನ ಸೀನಿಯರ್ ಒಂದು ಮೆಟ್ಟಿಲು. ಅದು ಇದ್ದರೆ ಕೆಳಗೆ ಅದೇ ಹೆಸರಿನ ಇನ್ನೊಂದು ಮೆಟ್ಟಿಲು ಇರಬೇಕು. ಆ ಕೋಲ್ಡ್ ಸ್ಟೋರೇಜಿನಲ್ಲಿ ಬೇರೆ ಮೇಲ್ವಿಚಾರಕರೇ ಇರಲಿಲ್ಲ. ಮಾಲೀಕರ ಮನಸ್ಸಿನಲ್ಲಿ ‘ಹಿರಿಯ’ ಅಂದರೆ ಸ್ವಲ್ಪ ವಯಸ್ಸಾದವರು, ಹಮಾಲರು ಮಾತು ಕೇಳುವಂಥವರು. ಅದು ಅನುಭವದ ಸಾಲಿಗೆ ಸೇರಬೇಕಾದ ವಿಷಯ, ಹುದ್ದೆಯ ಹೆಸರಿಗಲ್ಲ. ಜೊತೆಗೆ ಮೇಲ್ವಿಚಾರಕ ಅಂದರೆ ಸೂಪರ್‌ವೈಸರ್. ವ್ಯವಸ್ಥಾಪಕ ಅಂದರೆ ಮ್ಯಾನೇಜರ್. ಕೇಳೋಕೆ ಚೆನ್ನಾಗಿರಲಿ ಅಂತ ನಾನು ಒಂದು ಮೆಟ್ಟಿಲು ಏರಿಸಿಬಿಟ್ಟಿದ್ದೆ. ಪುಣೆಯವರು ಬಂದದ್ದು ಆ ಒಂದು ಪದ ನೋಡಿಕೊಂಡೇ.

ಸರ್ಕಾರಿ ಹುದ್ದೆಗಳಲ್ಲಿ ಈ ಊಹೆಗೆ ಜಾಗವೇ ಇಲ್ಲ. ಪ್ರಥಮ ದರ್ಜೆ ಸಹಾಯಕ ಅಂದರೆ ಫಸ್ಟ್ ಡಿವಿಜನ್ ಅಸಿಸ್ಟೆಂಟ್, ಫಸ್ಟ್ ಕ್ಲಾಸ್ ಅಲ್ಲ. ಸಹಾಯಕ ಇಂಜಿನಿಯರ್ ಅಂದರೆ ಅಸಿಸ್ಟೆಂಟ್ ಇಂಜಿನಿಯರ್. ಅವರು ಇಂಜಿನಿಯರ್‌ಗೆ ಸಹಾಯ ಮಾಡುವವರಲ್ಲ, ಸ್ವತಃ ಇಂಜಿನಿಯರ್. ಅಲ್ಲಿ ಹೆಸರು ಮೊದಲೇ ಗೊತ್ತಾಗಿದೆ, ಹಾಗೇ ಇಟ್ಟರೆ ಆಯಿತು. ಕಷ್ಟ ಇರುವುದು ಖಾಸಗಿ ಕೆಲಸದಲ್ಲಿ. ನಮ್ಮ ಅಡತಿ ಅಂಗಡಿಗಳ ದಿವಾನಜಿಯನ್ನೇ ತಗೊಳ್ಳಿ. ಬರೀ ದಿವಾನ್ ಅಂತ ಬರೆದರೆ ಹೊರಗಿನವರಿಗೆ ಮೈಸೂರಿನ ದಿವಾನರು ನೆನಪಾಗುತ್ತಾರೆ. ಒಂದು ಅಂಗಡಿಯಲ್ಲಿ ದಿವಾನಜಿ ಖಾತೆ ಬರೆಯುತ್ತಾರೆ ಅಷ್ಟೇ, ಅವರು ಅಕೌಂಟ್ಸ್ ಕ್ಲರ್ಕ್. ಇನ್ನೊಂದರಲ್ಲಿ ನಗದು, ವಸೂಲಿ, ಎಲ್ಲವೂ ಅವರ ಕೈಯಲ್ಲಿ. ಅಲ್ಲಿ ಕ್ಲರ್ಕ್ ಅಂದರೆ ಅವರನ್ನು ಕೆಳಗಿಳಿಸಿದ ಹಾಗೆ. ಕೆಲಸ ಕೇಳದೆ ಹೆಸರು ಇಡಲು ಬರುವುದಿಲ್ಲ.

ಈಗ ನಿಜವಾದ ಗಂಟು: ‘ನೋಡಿಕೊಳ್ಳಬೇಕು’. ಮಗುವನ್ನು ನೋಡಿಕೊಳ್ಳುತ್ತೇವೆ, ಅಂಗಡಿ ನೋಡಿಕೊಳ್ಳುತ್ತೇವೆ, ಹೊಲ ನೋಡಿಕೊಳ್ಳುತ್ತೇವೆ. ಸ್ವತಃ ಮಾಡುವುದೂ ಅದೇ, ಮಾಡಿಸುವುದೂ ಅದೇ, ತಪ್ಪಾದರೆ ಉತ್ತರ ಕೊಡುವುದೂ ಅದೇ. ಇಂಗ್ಲಿಷಿನಲ್ಲಿ ಇದಕ್ಕೆಲ್ಲ ಬೇರೆ ಬೇರೆ ಕ್ರಿಯಾಪದ. ಅಸಿಸ್ಟ್, ಪ್ರಿಪೇರ್, ಸೂಪರ್‌ವೈಸ್, ಅಪ್ರೂವ್. ಈ ಒಂದು ಪದ ನೋಡಿಯೇ ಓದುವವರು ಹುದ್ದೆ ಎಷ್ಟು ಎತ್ತರದ್ದು ಅಂತ ಲೆಕ್ಕ ಹಾಕುತ್ತಾರೆ. ಮೇಲೆ ಸೂಪರ್‌ವೈಸರ್ ಅಂತ ಸರಿಯಾಗಿ ಬರೆದು, ಕೆಳಗೆ ಎಲ್ಲದಕ್ಕೂ ಮ್ಯಾನೇಜ್ ಅಂತ ಹಾಕಿದರೆ ಮತ್ತೆ ಅದೇ ತಪ್ಪು.

ಹಾಗಾಗಿ ಮಾಲೀಕರಿಗೆ ಫೋನ್ ಮಾಡಿದೆ. ಹುದ್ದೆಯ ಬಗ್ಗೆ ಕೇಳಲಿಲ್ಲ, ಒಂದು ದಿನದ ಬಗ್ಗೆ ಕೇಳಿದೆ. ಬೆಳಿಗ್ಗೆ ಲಾರಿ ಬಂದರೆ ಇವರು ಏನು ಮಾಡುತ್ತಾರೆ? ಚೀಲ ಎಣಿಸಿ, ತೂಕ ನೋಡಿ, ರಜಿಸ್ಟರಿನಲ್ಲಿ ಲಾಟ್ ನಂಬರ್ ಬರೆಯುತ್ತಾರೆ. ಅಂದರೆ ಆವಕ-ಜಾವಕ ಇವರೇ ಕೈಯಾರೆ ಬರೆಯುವ ಕೆಲಸ. ಇಂಗ್ಲಿಷಿನಲ್ಲಿ ರೆಕಾರ್ಡ್.

ಹಮಾಲರನ್ನು ಕೆಲಸಕ್ಕೆ ತೆಗೆದುಕೊಳ್ಳುವವರು ಯಾರು? “ಅವರು ನಮ್ಮ ನೌಕರರಲ್ರಿ. ಅವರದ್ದೊಂದು ಗ್ಯಾಂಗ್ ಐತಿ, ಚೀಲಕ್ಕ ಇಷ್ಟು ಅಂತ ಕೂಲಿ,” ಅಂದರು. ಅಂದರೆ ಟೀಮ್ ಮ್ಯಾನೇಜ್ ಅನ್ನುವ ಮಾತು ಸುಳ್ಳಾಗುತ್ತದೆ. ಆ ಮಾತಿನಲ್ಲಿ ನೇಮಕ, ರಜೆ, ಸಂಬಳ ಎಲ್ಲ ಬರುತ್ತವೆ. ಇವರು ಹೇಳುವುದು ಯಾವ ಚೀಲ ಯಾವ ಚೇಂಬರಿಗೆ ಅಂತ ಮಾತ್ರ. ಅದಕ್ಕೆ ಡೈರೆಕ್ಟ್ ಲೋಡಿಂಗ್ ಅಂಡ್ ಅನ್‌ಲೋಡಿಂಗ್ ಅಂತ ಬರೆದೆ.

ಲೆಕ್ಕಪತ್ರ? “ದಿನದ ಚೀಟಿ ಬರದು ದಿವಾನಜಿಗೆ ಕೊಡೂದ್ರಿ.” ಮುಗಿಯಿತು, ಅಕೌಂಟ್ಸ್ ಪದವೇ ತೆಗೆದೆ. ಪ್ರಿಪೇರ್ ಡೈಲಿ ಸ್ಟಾಕ್ ಸ್ಟೇಟ್‌ಮೆಂಟ್ಸ್ ಫಾರ್ ದಿ ಅಕೌಂಟೆಂಟ್. ಅಲ್ಲಿಯ ದಿವಾನಜಿ ಪೂರ್ತಿ ಖಾತೆ ಮುಗಿಸಿ ಆಡಿಟರ್‌ಗೆ ಕೊಡುವವರು, ಅದಕ್ಕೇ ಕ್ಲರ್ಕ್ ಅನ್ನಲಿಲ್ಲ.

ಕೊನೆಗೆ ಇನ್ನೊಂದು ಕೇಳಿದೆ: ನೀವು ಊರಲ್ಲಿ ಇಲ್ಲದಾಗ ಇವರ ಸಹಿಯ ಮೇಲೆ ಮಾಲು ಹೊರಗೆ ಹೋಗುತ್ತದಾ? “ಇಲ್ರಿ, ಗೇಟ್ ಪಾಸಿಗೆ ನನ್ನ ಸಹಿ ಇಲ್ಲಾ ದಿವಾನಜಿ ಸಹಿ ಬೇಕು.” ಹುದ್ದೆಯ ಎತ್ತರ ಸ್ಪಷ್ಟವಾದದ್ದು ಇಲ್ಲಿ. ಹೌದು ಅಂದಿದ್ದರೆ ಅಪ್ರೂವ್ ಅನ್ನುವ ಪದಕ್ಕೆ ಜಾಗ ಇರುತ್ತಿತ್ತು. ಇಲ್ಲ ಅಂದಮೇಲೆ ಅದನ್ನು ಹತ್ತಿರಕ್ಕೂ ತರಬಾರದು.

‘ಆದ್ಯತೆ’ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ಪ್ರಿಫರ್ಡ್. ನಾನು ರಿಕ್ವೈರ್ಡ್ ಅಂತ ಬರೆದು, ಮೂರು ವರ್ಷ ಕೆಲಸ ಮಾಡಿದ ಎಷ್ಟು ಹುಡುಗರನ್ನು ಬಾಗಿಲಲ್ಲೇ ನಿಲ್ಲಿಸಿದೆನೋ.

ಎರಡನೇ ಸಲದ ಹೆಸರು: ವೇರ್‌ಹೌಸ್ ಸೂಪರ್‌ವೈಸರ್, ಕೋಲ್ಡ್ ಸ್ಟೋರೇಜ್, ಒಂದು ಹುದ್ದೆ. ಕಳಿಸುವ ಮೊದಲು ಫೋನಿನಲ್ಲಿ ಮಾಲೀಕರಿಗೆ ಇಂಗ್ಲಿಷ್ ಓದಲಿಲ್ಲ. ನಾನು ಬರೆದ ಇಂಗ್ಲಿಷನ್ನು ತಿರುಗಿ ಕನ್ನಡದಲ್ಲಿ ಹೇಳಿದೆ. “ಚೀಲ ಎಣಿಸಿ ಬರೆಯುವವರು, ಹಮಾಲರಿಗೆ ಜಾಗ ತೋರಿಸುವವರು, ದಿವಾನಜಿಗೆ ಚೀಟಿ ಕೊಡುವವರು. ಸರಿನಾ?” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಸೀಜನ್ನಿಗೆ ರಾತ್ರಿನೂ ಲಾರಿ ಬರ್ತಾವ್ರಿ, ಅದನ್ನ ಬರದೇ ಇಲ್ಲ ನಾವು,” ಅಂದರು. ಕನ್ನಡದ ಜಾಹೀರಾತಿನಲ್ಲೂ ಇಲ್ಲದ ಸಾಲು ಅದು. ಎರಡರಲ್ಲೂ ಸೇರಿಸಿದೆವು.

ಮೂರನೇ ದಿನ ಮೋಟೆಬೆನ್ನೂರಿನಿಂದ ಒಬ್ಬರು ಫೋನ್ ಮಾಡಿದರಂತೆ. ಮೊದಲು ಕೇಳಿದ್ದು ಸಂಬಳವನ್ನಲ್ಲ, ರಾತ್ರಿ ಪಾಳಿ ವಾರಕ್ಕೆ ಎಷ್ಟು ಅಂತ.