ರಜೆ ಇಲ್ಲ ಅಂದಾಗ

ಕೇಳುಗರಿಗೆ ನಮಸ್ಕಾರ. ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ಕೂತು ರಜೆ ಅರ್ಜಿಗಳನ್ನು ನೋಡಿಕೊಂಡಿದ್ದವನು ನಾನು. ಮದುವೆಗೋ ತಿಥಿಗೋ ರಜೆ ಸಿಗದೆ ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದವರು ಅಷ್ಟರಲ್ಲಾಗಲೇ ಸೂಪರ್‌ವೈಸರ್ ಜೊತೆ ಮಾತಿಗೆ ಮಾತು ಬೆಳೆಸಿ ಬಂದಿರುತ್ತಿದ್ದರು. ಲೈನಿನಲ್ಲಿ ಒಂದು ಮಷಿನ್ ನಿಂತರೆ ಮುಂದಿನವರೆಲ್ಲ ಕೈಕಟ್ಟಿ ಕೂರಬೇಕು, ಗಂಟೆಯ ಟಾರ್ಗೆಟ್ ತಪ್ಪುತ್ತದೆ, ಮೇಲಿನವರಿಂದ ಬೈಸಿಕೊಳ್ಳುವವರು ಸೂಪರ್‌ವೈಸರ್. ಅವರ ‘ಆಗಲ್ಲ’ ಹುಟ್ಟುವುದೇ ಅಲ್ಲಿ.

ಕಾಲರ್ ಕೂರಿಸುವ ಒಬ್ಬ ಹೆಣ್ಣುಮಗಳು ತಂಗಿಯ ಮದುವೆಗೆಂದು ಗುರುವಾರದಿಂದ ಮಂಗಳವಾರದವರೆಗೆ ರಜೆ ಕೇಳಿದ್ದಳು. ಭಾನುವಾರ ತಿಪಟೂರಿನಲ್ಲಿ ಧಾರೆ. “ಮಂಗಳವಾರ ಶಿಪ್‌ಮೆಂಟ್ ಇದೆ ಕಣಮ್ಮ, ಒಂದು ದಿನಾನೂ ಆಗಲ್ಲ” ಅಂದುಬಿಟ್ಟರು. ನಾನು ಅವಳನ್ನು ಕೂರಿಸಿಕೊಂಡು ಒಂದೊಂದೇ ದಿನ ಕೇಳಿದೆ. ಗುರುವಾರ ಏನು? ಮನೆ ಕೆಲಸಕ್ಕೆ ಜನ ಬೇಕು. ಶನಿವಾರ? ಬೆಳಿಗ್ಗೆ ಚಪ್ಪರ, ಸಂಜೆ ಆರತಕ್ಷತೆ. ಭಾನುವಾರ ಹೇಗೂ ವಾರದ ರಜೆ. ಸೋಮವಾರ ಬೀಗರ ಊಟ. ಅಲ್ಲಿಗೆ, ಅಕ್ಕ ಇರಲೇಬೇಕಾದ ಕೆಲಸದ ದಿನ ಶನಿವಾರ ಒಂದೇ.

ಮತ್ತೆ ಹೋದಾಗ ಅವಳು ಕೇಳಿದ ರೀತಿಯೇ ಬೇರೆ. “ಸಾರ್, ಶುಕ್ರವಾರ ಶಿಫ್ಟ್ ಮುಗಿಸ್ಕೊಂಡೇ ಊರಿಗೆ ಹೋಗ್ತೀನಿ. ಶನಿವಾರ, ಸೋಮವಾರ ಎರಡು ದಿನ ಕೊಡಿ. ಕಾಲರಿಗೆ ಪಕ್ಕದ ಲೈನಿನ ಅಕ್ಕ ಒಪ್ಪಿದಾರೆ, ನಾಳೇನೇ ಜೊತೇಲಿ ಕೂರಿಸ್ಕೊಂಡು ತೋರಿಸ್ತೀನಿ.” ಶನಿವಾರ ಸಿಕ್ಕಿತು, ಸೋಮವಾರ ಸಿಗಲಿಲ್ಲ. ಬೀಗರ ಊಟ ತಪ್ಪಿತು, ತಾಯಿ ಮುನಿಸಿಕೊಂಡರಂತೆ. ಅಷ್ಟಾದರೂ ಸೋಮವಾರ ಬೆಳಿಗ್ಗೆ ಮಷಿನ್ ಮುಂದೆ ಅವಳಿದ್ದಳು, ಮುಂದಿನ ಸಲ ಕೇಳಲು ಬಾಯಿ ಇತ್ತು.

ಸಾವಿನ ವಿಷಯ ಬೇರೆ. ಅಲ್ಲಿ ಮುಂಚೆ ತಿಳಿಸುವ ಮಾತೇ ಇಲ್ಲ. ಹೊರಡುವಾಗ ಸೂಪರ್‌ವೈಸರಿಗೆ ಫೋನ್ ಮಾಡಿ, ಜೊತೆಗೊಂದು ಮೆಸೇಜೂ ಹಾಕಿ. ಗಲಾಟೆಯಲ್ಲಿ ಬರೀ ಬಾಯಿಮಾತು ಮರೆತುಹೋಗುತ್ತದೆ. ಹತ್ತು ಹನ್ನೊಂದು ದಿನ ಒಟ್ಟಿಗೆ ಕೇಳಿದರೆ ‘ಇಲ್ಲ’ ಅನ್ನಿಸಿಕೊಳ್ಳುವುದೇ ಹೆಚ್ಚು. ಮಣ್ಣಿಗೆ ಮತ್ತು ಮೂರನೇ ದಿನದ ಹಾಲುತುಪ್ಪಕ್ಕೆ ಈಗ, ಹನ್ನೊಂದನೇ ದಿನದ ತಿಥಿಗೆ ಆಮೇಲೆ ಎಂದು ಒಡೆದು ಕೇಳಿ. ತಿಥಿಯ ತಾರೀಖು ಆ ಹೊತ್ತಿಗೇ ಗೊತ್ತಿರುತ್ತದೆ, ಅದನ್ನೂ ಅವತ್ತೇ ಹೇಳಿಬಿಡಿ. ಹೀಗೆ ಒಡೆದು ಕೇಳುವುದು ಮನಸ್ಸಿಗೆ ಕಷ್ಟ, ನಿಜ. ಸಾವಿಗೆಂದೇ ಪ್ರತ್ಯೇಕ ರಜೆ ನಮ್ಮ ಕಾರ್ಖಾನೆ ಕಾನೂನಿನಲ್ಲಿಲ್ಲ. ಇರುವ ರಜೆಯಲ್ಲೇ ಹೊಂದಿಸಿಕೊಳ್ಳಬೇಕು.

ಏನು ಮಾಡಿದರೂ ಕೊಡದಿದ್ದರೆ? ಹೇಳದೆ ಹೋಗಬೇಡಿ. ಗೈರುಹಾಜರಿ ಎಂದು ಬರೆದರೆ ಸಂಬಳವೂ ಹೋಗುತ್ತದೆ, ನೋಟಿಸೂ ಬರಬಹುದು. 20 ದಿನದ ಕೆಲಸಕ್ಕೆ ಒಂದು ದಿನದಂತೆ ಸಿಗುವ ಗಳಿಕೆ ರಜೆಗೆ ಬರೆದೇ ಅರ್ಜಿ ಕೊಡಿ, ಒಂದು ಪ್ರತಿಗೆ ಸಹಿ ಹಾಕಿಸಿಕೊಂಡು ಇಟ್ಟುಕೊಳ್ಳಿ. ನಿಯಮದಂತೆ ಕೇಳಿಯೂ ಕೊಡದ ಗಳಿಕೆ ರಜೆ ಮುಂದಿನ ವರ್ಷಕ್ಕೆ ಮಿತಿಯಿಲ್ಲದೆ ಸೇರುತ್ತದೆ. ಬಾಯಲ್ಲಿ ಕೇಳಿ ಬಾಯಲ್ಲೇ ಇಲ್ಲ ಅನ್ನಿಸಿಕೊಂಡಿದ್ದಕ್ಕೆ ಲೆಕ್ಕ ತೋರಿಸಲು ಆಗುವುದಿಲ್ಲ.