ಕೊಳ್ಳುವ ಗುಂಡಿ ಒತ್ತುವ ಮುಂಚೆ ಅರ್ಧ ಹಾಳೆ

ಕೇಳುಗರೆ, ನಮಸ್ಕಾರ.

ನಾನು ಜನರ ಆದಾಯ ತೆರಿಗೆ ರಿಟರ್ನ್ ತುಂಬಿಕೊಡುವವನು. ಮೂರ್ನಾಲ್ಕು ವರ್ಷದಿಂದ ಅದರಲ್ಲಿ ಕ್ರಿಪ್ಟೋ ಲೆಕ್ಕವೂ ಬರುತ್ತಿದೆ. ಬಂದವರಲ್ಲಿ ಹೆಚ್ಚಿನವರಿಗೆ ತಾವು ಏಕೆ ಕೊಂಡೆವು ಅನ್ನುವುದೇ ನೆನಪಿರುವುದಿಲ್ಲ. ಹಾಗಾಗಿ ನನ್ನ ಅಕ್ಕನ ಮಗ "ಮಾಮ, ಒಂದು ಕಾಯಿನ್ ನೋಡಿದೀನಿ" ಎಂದು ಮೊಬೈಲ್ ಚಾಚಿದಾಗ, ಗೆರೆ ಹಾಕಿದ ಅರ್ಧ ಹಾಳೆ ಹರಿದು ಅವನ ಮುಂದಿಟ್ಟೆ. ಐದು ಸಾಲು ಬರೆಸಿದೆ. ಒಂದೊಂದಕ್ಕೂ ಟಿಕ್ ಬಿದ್ದರೆ ಮಾತ್ರ ಕೊಳ್ಳುವುದು.

ಮೊದಲ ಸಾಲು: ಹಾಕಿದ ದುಡ್ಡು ವಾಪಸ್ ಬರುತ್ತದೆಯೇ? ಕಾಯಿನ್ ಕೊಳ್ಳುವ ಆ್ಯಪ್‌ಗೆ ಸಣ್ಣ ಮೊತ್ತ ಹಾಕಿ, ಅದನ್ನು ಬ್ಯಾಂಕ್ ಖಾತೆಗೆ ತಿರುಗಿ ತರಿಸಿ ನೋಡಬೇಕು. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಎಂಬ ಕ್ರಿಪ್ಟೋ ವಿನಿಮಯ ತಾಣದಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕಾಯಿನ್ ಕಳುವಾದಾಗ, ಹಣ ತೆಗೆಯುವುದೇ ನಿಂತುಹೋಯಿತು. ಪರದೆಯ ಮೇಲೆ ಲಾಭ ಕಾಣುತ್ತಿದ್ದವರೂ ಕೈಕಟ್ಟಿ ಕೂತರು. ಇವತ್ತು ವಾಪಸ್ ಬಂತು ಅಂದರೆ ನಾಳೆಯೂ ಬರುತ್ತದೆ ಅಂತಲ್ಲ. ಆದರೆ ಇವತ್ತೇ ಬಾರದಿದ್ದರೆ ಮುಂದಿನ ಸಾಲು ಓದುವ ಅಗತ್ಯವಿಲ್ಲ.

ಎರಡನೆಯದು: ಮಾರುವವರು, ಕೊಳ್ಳುವವರು ಎಷ್ಟು ಹತ್ತಿರ ನಿಂತಿದ್ದಾರೆ? ಹುಡುಗ ತೋರಿಸಿದ ಕಾಯಿನ್ನಿನ ಬೆಲೆ 100 ರೂಪಾಯಿ ಎಂದಿತ್ತು. ಅದು ಕೊನೆಯ ವ್ಯವಹಾರದ ಬೆಲೆ, ಅಷ್ಟೆ. ಯಾವ ಬೆಲೆಗೆ ಕೊಳ್ಳಲು, ಮಾರಲು ಜನ ಕಾದಿದ್ದಾರೆ ಎಂದು ತೋರಿಸುವ ಆರ್ಡರ್ ಬುಕ್ ತೆರೆಸಿದೆ. ಮಾರುವವರು 100ಕ್ಕೆ ನಿಂತಿದ್ದರು, ಕೊಳ್ಳುವವರು 99ಕ್ಕೆ. ಕೊಂಡ ಮರುಕ್ಷಣವೇ ಮಾರಿದರೆ ಒಂದು ರೂಪಾಯಿ ಹೋಯಿತು. ಈ ಅಂತರ ಮೂರು, ನಾಲ್ಕು ರೂಪಾಯಿ ಇದ್ದರೆ ನಾನಂತೂ ಅಲ್ಲಿಗೇ ಬಿಡುತ್ತೇನೆ. ಕೊಳ್ಳುವಾಗ, ಆ ಕ್ಷಣ ಸಿಕ್ಕ ಬೆಲೆಗೆ ಕೊಂಡುಬಿಡುವ ಮಾರ್ಕೆಟ್ ಆರ್ಡರ್ ಬೇಡ. ಲಿಮಿಟ್ ಹಾಕಿ, ನಾವು ಹೇಳಿದ ಬೆಲೆಗೆ ಸಿಕ್ಕರೆ ಸಿಗಲಿ.

ಮೂರನೆಯದು: ಯಾವ ಬೆಲೆಗೆ ಇಳಿದರೆ ನನ್ನ ಊಹೆ ತಪ್ಪು? ಆ ಕಾಯಿನ್ ಹಿಂದಿನ ವಾರಗಳಲ್ಲಿ 93ರ ಹತ್ತಿರ ಬಂದು ಬಂದು ಮೇಲೆದ್ದಿತ್ತು. ಅದಕ್ಕೇ 92 ಎಂದು ಬರೆದುಕೊಂಡ. ಬೆಲೆ ಅಷ್ಟಕ್ಕೆ ಇಳಿದರೆ ತಾನಾಗಿ ಮಾರಲೆಂದು ಹಾಕಿಡುವ ಸ್ಟಾಪ್ ಲಾಸ್ ಆರ್ಡರ್ ಅಲ್ಲಿ. ಆದರೆ ಸ್ಟಾಪ್ ಹಾಕಿದರೆ ಅದೇ ಬೆಲೆ ಸಿಕ್ಕೇ ಸಿಗುತ್ತದೆ ಅನ್ನುವ ಖಾತರಿಯಿಲ್ಲ. 2022ರ ಮೇ ತಿಂಗಳಲ್ಲಿ ಲೂನಾ ಕಾಯಿನ್ ಸುಮಾರು 80 ಡಾಲರ್‌ನಿಂದ ಒಂದು ಸೆಂಟಿಗಿಂತ ಕೆಳಗೆ ಬರಲು ಹತ್ತು ದಿನವೂ ಹಿಡಿಯಲಿಲ್ಲ. ಅಂಥ ಕುಸಿತದಲ್ಲಿ, ಇಷ್ಟಕ್ಕಿಂತ ಕಡಿಮೆಗೆ ಮಾರಬೇಡ ಎಂದು ಮಿತಿ ಹಾಕಿದ ಸ್ಟಾಪ್-ಲಿಮಿಟ್ ಆರ್ಡರನ್ನು ಬೆಲೆ ಹಾರಿಕೊಂಡೇ ಕೆಳಗಿಳಿಯಬಹುದು, ಆರ್ಡರ್ ಮಾತ್ರ ಅಲ್ಲೇ ಉಳಿಯಬಹುದು.

ಅದಕ್ಕೇ ನಾಲ್ಕನೆಯ ಸಾಲು: ಎಷ್ಟು ಕೊಳ್ಳಬೇಕು? ಎಲ್ಲರೂ ಇದನ್ನು ಮೊದಲು ನಿರ್ಧರಿಸುತ್ತಾರೆ, ತಪ್ಪುವುದೂ ಇಲ್ಲೇ. ಹುಡುಗನ ಹತ್ತಿರ ಇದಕ್ಕೆಂದು ಎತ್ತಿಟ್ಟ ಹಣ 50,000. ಒಂದು ಸಲಕ್ಕೆ ಅದರಲ್ಲಿ ನೂರಕ್ಕೆ ಒಂದು ಭಾಗ, ಅಂದರೆ 500 ರೂಪಾಯಿ ಮಾತ್ರ ಕಳೆದುಕೊಳ್ಳಬಹುದು ಎಂದುಕೊಂಡೆವು. 100ರಿಂದ 92ಕ್ಕೆ ಇಳಿದರೆ ಕಾಯಿನ್‌ಗೆ 8 ರೂಪಾಯಿ; ಎರಡೂ ಕಡೆಯ ಶುಲ್ಕ, ಅಂತರ ಎಲ್ಲ ಸೇರಿ ಇನ್ನೆರಡು. ಒಟ್ಟು 10. 500ನ್ನು 10ರಿಂದ ಭಾಗಿಸಿದರೆ 50 ಕಾಯಿನ್, 5,000 ರೂಪಾಯಿಯ ಖರೀದಿ. ಅವನು 40,000ಕ್ಕೆ ಕೊಳ್ಳಲು ಕೂತಿದ್ದ!

ಐದನೆಯದು ನನ್ನ ಕಸುಬಿನದು: ಗೆದ್ದರೆ ಕೈಗೆ ಏನು ಉಳಿಯುತ್ತದೆ? ಲಾಭದ ಮೇಲೆ ತೆರಿಗೆ ನೂರಕ್ಕೆ 30, ಅದರ ಮೇಲೆ ಸೆಸ್, ಎರಡೂ ಸೇರಿ 31.2. ಒಂದು ಕಾಯಿನ್ನಿನಲ್ಲಿ 1,000 ಲಾಭ, ಇನ್ನೊಂದರಲ್ಲಿ 1,000 ನಷ್ಟ ಆದರೆ ಸರಿಹೋಯಿತು ಎಂದು ನಮಗೆ ಅನ್ನಿಸುತ್ತದೆ. ಕಾನೂನಿಗೆ ಹಾಗಲ್ಲ. ನಷ್ಟವನ್ನು ಲಾಭದಲ್ಲಿ ಕಳೆಯುವಂತಿಲ್ಲ. 312 ರೂಪಾಯಿ ಕಟ್ಟಲೇಬೇಕು. ಮಾರಿದ ಮೊತ್ತದ ಮೇಲೆ ನೂರಕ್ಕೆ ಒಂದರಂತೆ ಟಿಡಿಎಸ್ ಬೇರೆ. ನಷ್ಟದಲ್ಲಿ ಮಾರಿದರೂ ಅದನ್ನು ಮೊದಲೇ ಮುರಿದುಕೊಳ್ಳುತ್ತಾರೆ. ರಿಟರ್ನ್ ಹಾಕಿದಾಗ ಲೆಕ್ಕಕ್ಕೆ ಬರುತ್ತದೆ, ಆದರೆ ಅಲ್ಲಿಯವರೆಗೆ ಆ ದುಡ್ಡು ನಮ್ಮ ಕೈಯಲ್ಲಿಲ್ಲ.

ಈಗ ಹುಡುಗನ ಕಾಯಿನ್‌ಗೆ ಬನ್ನಿ. ಸೋತರೆ 10 ರೂಪಾಯಿ ಹೋಗುತ್ತದೆ. ಗೆದ್ದಾಗಲೂ 10 ಉಳಿಯಬೇಕಾದರೆ ತೆರಿಗೆಗೆ, ಶುಲ್ಕಕ್ಕೆ ಸೇರಿಸಿ ಬೆಲೆ 117 ದಾಟಬೇಕು. ಅದೂ ಸಮಸಮಕ್ಕೆ ಮಾತ್ರ. ಚಾರ್ಟ್ ನೋಡಿದರೆ ಅದು ಎರಡು ಸಲ 110ರ ಹತ್ತಿರ ಹೋಗಿ ತಿರುಗಿತ್ತು. ಐದನೆಯ ಸಾಲಿಗೆ ಟಿಕ್ ಬೀಳಲಿಲ್ಲ. ಹಾಳೆ ಮಡಚಿ ಮೊಬೈಲ್ ಕವರಿನೊಳಗೆ ಸಿಕ್ಕಿಸಿಕೊಂಡು ಎದ್ದುಹೋದ.

ಮುಂದಿನ ವಾರ ಆ ಕಾಯಿನ್ 121ಕ್ಕೆ ಹೋಯಿತು. ಅವನು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಹೊಸ ಅರ್ಧ ಹಾಳೆ ಕೇಳಿಕೊಂಡು ಬಂದ.

ನಮಸ್ಕಾರ.